ಜ್ವರ ಹೋಯ್ತು, ವಾಕಿಂಗ್ ವಾಪಸ್ ಬರಲಿಲ್ಲ: ನಿಂತ ಅಭ್ಯಾಸದ ದೋಷ ಹುಡುಕುವ ಬಗೆ

ಲಕ್ಷಣ

ತಿಂಗಳುಗಟ್ಟಲೆ ಬಿಡದೆ ಮಾಡಿಕೊಂಡು ಬಂದ ಕೆಲಸ. ಬೆಳಗಿನ ವಾಕಿಂಗ್ ಇರಬಹುದು, ಯೋಗ ಇರಬಹುದು, ರಾತ್ರಿ ನಾಲ್ಕು ಪುಟ ಓದುವುದಿರಬಹುದು. ಮಧ್ಯದಲ್ಲಿ ಜ್ವರ ಬಂತು, ಇಲ್ಲವೇ ಮದುವೆಗೆ ಅಂತ ಊರಿಗೆ ಹೋದಿರಿ. ಕೆಲಸ ನಿಂತಿತು. ಆಮೇಲೆ ಜ್ವರವೂ ಹೋಯಿತು, ಊರಿಂದ ವಾಪಸ್ಸೂ ಬಂದಿರಿ. ಆದರೆ ನಿಂತದ್ದು ಮಾತ್ರ ಶುರುವಾಗಲಿಲ್ಲ. "ಸೋಮವಾರದಿಂದ ಮಾಡೋಣ" ಅಂದುಕೊಂಡ ಸೋಮವಾರಗಳು ಬಂದು ಹೋಗುತ್ತಲೇ ಇವೆ.

ಇಂಥ ಸಮಯಕ್ಕೆ ಎಲ್ಲರೂ ಹೇಳುವ ನಿಯಮ ಒಂದಿದೆ: ಒಂದು ಸಲ ತಪ್ಪಿದರೆ ತಪ್ಪಲಿ, ಬೆನ್ನಿಗೇ ಎರಡನೇ ಸಲ ತಪ್ಪಿಸಬೇಡಿ. ಒಂದು ದಿನ ಮಳೆ ಬಂದೋ, ನಿದ್ದೆ ಹೆಚ್ಚಾಗಿಯೋ ತಪ್ಪಿದಾಗ ಈ ನಿಯಮ ಚೆನ್ನಾಗಿ ನಡೆಯುತ್ತದೆ. ಕಾಯಿಲೆಯಲ್ಲಿ ಹಾಗಲ್ಲ. ಹಾಸಿಗೆಯಲ್ಲಿ ಮಲಗಿರುವಾಗಲೇ ಎರಡನೇ ಸಲ, ಐದನೇ ಸಲ, ಹತ್ತನೇ ಸಲ ತಪ್ಪಿ ಹೋಗಿರುತ್ತದೆ. ಎದ್ದ ಮೇಲೆ ನೋಡಿದರೆ ಬಿಡದೆ ಬಂದ ದಿನಗಳ ಸಾಲು, ಅಂದರೆ ಸ್ಟ್ರೀಕ್ ಕೂಡ ಇಲ್ಲ, ಕಾಪಾಡಬೇಕಿದ್ದ ನಿಯಮವೂ ಮುರಿದಿದೆ. ಇನ್ನೇನು ಉಳಿಯಿತು ಅಂತ ಕೈಬಿಡುತ್ತೇವೆ.

ನಾನು ನೋಡಿದ ಮಟ್ಟಿಗೆ ಮುಖ್ಯ ದೋಷ ಇರುವುದು ಇಲ್ಲೇ. "ಎರಡು" ಅನ್ನುವ ಎಣಿಕೆಯನ್ನು ಯಾವ ದಿನದಿಂದ ಶುರು ಮಾಡಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮಲಗಿದ್ದ ದಿನಗಳನ್ನು ಎಣಿಸಬಾರದು. ಕೆಲಸ ಮಾಡಲು ಆಗುತ್ತಿದ್ದ ಮೊದಲ ದಿನದಿಂದ ಎಣಿಸಬೇಕು. ಆ ದಿನವನ್ನು ಇಲ್ಲಿ "ಮರಳುವ ದಿನ" ಅಂತ ಕರೆಯುತ್ತೇನೆ. ಅದನ್ನು ಸರಿಯಾಗಿ ಗುರುತು ಹಿಡಿದರೆ ಮಿಕ್ಕ ರಿಪೇರಿ ಅಷ್ಟು ಕಷ್ಟವಲ್ಲ.

ಪರೀಕ್ಷೆಗೆ ತೆಗೆದುಕೊಂಡ ಕೇಸ್

ನಮ್ಮ ಅಕ್ಕ ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಯುಗಾದಿಯಿಂದ ಪ್ರತಿದಿನ ಬೆಳಗ್ಗೆ ಅಮಾನಿಕೆರೆ ಕಡೆ 40 ನಿಮಿಷ ನಡೆಯುತ್ತಿದ್ದಳು. ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದೊಂದು ದಿನಕ್ಕೆ ಒಂದೊಂದು ಟಿಕ್. ಜುಲೈನಲ್ಲಿ ಒಂದು ಗುರುವಾರ ಡೆಂಗ್ಯೂ ಜ್ವರ ಹಿಡಿಯಿತು. ಆಸ್ಪತ್ರೆ, ಮನೆ, ವಿಶ್ರಾಂತಿ ಎಲ್ಲ ಸೇರಿ 18 ದಿನ ಹೋಯಿತು. ಹತ್ತೊಂಬತ್ತನೇ ದಿನ, ಸೋಮವಾರ, ಡಾಕ್ಟರ್ ಒಪ್ಪಿಗೆ ಪಡೆದು ಸ್ಕೂಲಿಗೆ ಹೋದಳು.

ವಾಕಿಂಗ್‌ಗೆ ಮಾತ್ರ ಹೋಗಲಿಲ್ಲ. ಆ ಸೋಮವಾರದಿಂದ ಶನಿವಾರದವರೆಗೆ ಕ್ಯಾಲೆಂಡರ್ ಖಾಲಿ. ಭಾನುವಾರ ಹಟ ಹಿಡಿದು ಪೂರ್ತಿ 40 ನಿಮಿಷ ನಡೆದಳು. ಮಾರನೇ ದಿನ ಕಾಲು ನೋವು, ಮಧ್ಯಾಹ್ನದ ಹೊತ್ತಿಗೆ ಕ್ಲಾಸಿನಲ್ಲಿ ನಿಲ್ಲಲೂ ಸುಸ್ತು. ಮತ್ತೆ ಮೂರು ದಿನ ಖಾಲಿ. ಬುಧವಾರ ಸಂಜೆ ನಾನು ಹೋದಾಗ, "ಯುಗಾದಿಯಿಂದ ಮಾಡಿದ್ದೆಲ್ಲ ಹೋಯ್ತು ಬಿಡೋ. ಇನ್ನು ದೀಪಾವಳಿ ಆದ್ಮೇಲೆ ನೋಡ್ತೀನಿ" ಅಂದಳು.

ಇಬ್ಬರೂ ಕ್ಯಾಲೆಂಡರ್ ಕೆಳಗಿಳಿಸಿಕೊಂಡು ಕೂತೆವು.

ಮೊದಲ ಪರೀಕ್ಷೆ: ಯಾವ ಖಾಲಿ ದಿನ ನಿಜವಾಗಿ ತಪ್ಪಿದ್ದು?

ನಾನು ಅಕ್ಕನಿಗೆ ಕೇಳಿದ್ದು ಒಂದೇ ಪ್ರಶ್ನೆ. "ಅವತ್ತು ಸ್ಕೂಲಿಗೆ ಹೋದ್ಯಾ?"

ಈ ಪ್ರಶ್ನೆಯನ್ನು ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು. ಅವತ್ತು ಅಂಗಡಿ ಬಾಗಿಲು ತೆಗೆದಿರಾ, ತೋಟಕ್ಕೆ ಹೋದಿರಾ, ಬೆಂಗಳೂರಿನ ರೈಲು ಹತ್ತಿದಿರಾ? ಇಲ್ಲ ಅಂದರೆ ಅದು ರಜೆಯ ದಿನ. ಚೌಕದಲ್ಲಿ "ರ" ಅಂತ ಬರೆಯಿರಿ. ಅದು ಎಣಿಕೆಗೆ ಬರುವುದಿಲ್ಲ. ಹೌದು ಅಂದರೆ, ದಿನದ ಕೆಲಸ ಮಾಡುವಷ್ಟು ದೇಹ ಒಪ್ಪಿದೆ. ಹಾಗಾದರೆ ಅಭ್ಯಾಸದ ಸಣ್ಣ ರೂಪವನ್ನಾದರೂ ಅವತ್ತು ಮಾಡಬಹುದಿತ್ತು. ಅಂಥ ಖಾಲಿ ಚೌಕ ನಿಜವಾಗಿ ತಪ್ಪಿದ್ದು.

ಅಕ್ಕನ ಲೆಕ್ಕ ಹೀಗೆ ಬಂತು. 18 ಚೌಕಕ್ಕೆ "ರ". ಸ್ಕೂಲು ಶುರುವಾದ ಮೇಲಿನ ದಿನಗಳು 10. ಅವುಗಳಲ್ಲಿ ನಡೆದದ್ದು 1, ತಪ್ಪಿದ್ದು 9. ಅವಳು ಕೊರಗುತ್ತಿದ್ದದ್ದು ಆ 18 ದಿನಕ್ಕೆ. ಅಭ್ಯಾಸ ನಿಲ್ಲಿಸಿದ್ದು ಈ 9 ದಿನ. ಮರಳುವ ದಿನ ಸೋಮವಾರ ಆಗಿತ್ತು. ಸೋಮವಾರ ತಪ್ಪಿದ್ದು ಮೊದಲನೇ ಸಲ, ಅದು ಸರಿ. ನಿಯಮ ಹಿಡಿಯಬೇಕಿದ್ದದ್ದು ಮಂಗಳವಾರವನ್ನು. ಆ ಮಂಗಳವಾರ ಅವಳಿಗೆ ಬೇರೆ ಖಾಲಿ ದಿನಗಳ ಜೊತೆ ಸೇರಿದ ಇನ್ನೊಂದು ಖಾಲಿ ದಿನದಂತೆ ಕಂಡಿತು, ಅಷ್ಟೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ, 2009ರಲ್ಲಿ ಒಂದು ಅಧ್ಯಯನ ಹೊರತಂದರು. ದಿನವೂ ಮಾಡುವ ಒಂದು ಹೊಸ ಕೆಲಸ ತಾನಾಗೇ ಆಗುವಷ್ಟು ರೂಢಿಯಾಗಲು ಎಷ್ಟು ದಿನ ಬೇಕು ಅಂತ ನೋಡಿದ್ದರು. ಮಧ್ಯದ ಲೆಕ್ಕ 66 ದಿನ ಬಂತು, ಆದರೆ 12 ವಾರದ ಆಚೆಗಿನದನ್ನು ಅಂದಾಜು ಹಾಕಿ ನೋಡಿದಾಗ ಜನರಿಂದ ಜನರಿಗೆ 18ರಿಂದ 254 ದಿನಗಳವರೆಗೆ ಹಿಗ್ಗಿತ್ತು. ನಮಗೆ ಬೇಕಾದ ಮಾತು ಇನ್ನೊಂದು: ಒಂದು ಸಲ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಹಾಗಂತ ಇದನ್ನು ಹದಿನೈದು ಇಪ್ಪತ್ತು ದಿನದ ಬಿಡುವಿಗೂ ಎಳೆಯಬೇಡಿ. ದೊಡ್ಡ ಬಿಡುವಿನ ನಂತರ ಮೊದಮೊದಲು ಮತ್ತೆ ನೆನಪಿಟ್ಟುಕೊಂಡೇ ಮಾಡಬೇಕಾಗುತ್ತದೆ, ಅದನ್ನು ನಿರೀಕ್ಷಿಸಿ.

ಮರಳುವ ದಿನವನ್ನು ತಪ್ಪಾಗಿ ಹಿಡಿದರೆ

ಎರಡು ರೀತಿ ತಪ್ಪು ಆಗುತ್ತದೆ. ಒಂದು, ತೀರಾ ಬೇಗ. ಇದು ಅಪಾಯದ ತಪ್ಪು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಾಮಾನ್ಯ ನೆಗಡಿ ಜ್ವರವಾದರೆ, ಪ್ಯಾರಾಸಿಟಮಾಲ್ ತೆಗೆದುಕೊಳ್ಳದೆ ಒಂದು ಪೂರ್ತಿ ದಿನ ಜ್ವರ ಇಲ್ಲದೆ ಕಳೆದಿರಬೇಕು, ಊಟ ಸೇರುತ್ತಿರಬೇಕು. ಮಾತ್ರೆ ನುಂಗಿ ಜ್ವರ ಇಳಿದ ಬೆಳಗ್ಗೆ ಮರಳುವ ದಿನ ಅಲ್ಲ. ಡೆಂಗ್ಯೂ ಆದರೆ ಈ ಲೆಕ್ಕವೂ ಸಾಲದು. ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತು ಮತ್ತು ಆಮೇಲಿನ ಒಂದೆರಡು ದಿನವೇ ಜಾಸ್ತಿ ಎಚ್ಚರ ಬೇಕಾದ ಕಾಲ. ಮೈ ತಣ್ಣಗಾಯಿತು ಅಂತ ಶೂ ಹಾಕಿಕೊಂಡು ಹೊರಟರೆ ಕಷ್ಟ. ಆ ಸಮಯದಲ್ಲಿ ಹೊಟ್ಟೆ ತುಂಬ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಡೆಂಗ್ಯೂ, ಟೈಫಾಯಿಡ್, ನ್ಯುಮೋನಿಯಾ, ಆಪರೇಷನ್ ಇಂಥವುಗಳಲ್ಲಿ ಮರಳುವ ದಿನವನ್ನು ಡಾಕ್ಟರೇ ಹೇಳಬೇಕು. "ಯಾವತ್ತಿಂದ ನಡೆಯಬಹುದು, ಎಷ್ಟು ನಡೆಯಬಹುದು" ಅಂತ ಕೇಳಿ, ಚೀಟಿಯ ಮೇಲೇ ಬರೆಸಿಕೊಳ್ಳಿ. ಎದೆ ನೋವು, ಸುಮ್ನೆ ಕೂತಾಗಲೂ ಎದೆ ಬಡಿತ, ಮಾತಾಡಿದರೆ ಏದುಸಿರು ಇದ್ದರೆ ಯಾವ ನಿಯಮವನ್ನೂ ನೋಡದೆ ನಿಲ್ಲಿಸಿ.

ಇನ್ನೊಂದು ತಪ್ಪು, ತೀರಾ ತಡ. ಸ್ಕೂಲಿಗೆ ಹೋಗುತ್ತಿದ್ದೇವೆ, ಸಂತೆಗೆ ಹೋಗುತ್ತಿದ್ದೇವೆ, ಆದರೆ ಚೌಕದಲ್ಲಿ ಇನ್ನೂ "ರ" ಬೀಳುತ್ತಿದೆ. ಇದಕ್ಕೆ ಕಟ್ಟುನಿಟ್ಟಾದ ಒಂದು ಷರತ್ತು ಸಾಕು. "ರ" ಅನ್ನು ಆ ದಿನ ಮುಗಿದ ಮೇಲೆ ಬರೆಯುವಂತಿಲ್ಲ. ಒಂದೋ ಹಿಂದಿನ ರಾತ್ರಿಯೇ ಬರೆದಿರಬೇಕು, ಇಲ್ಲವೇ ಮೊದಲೇ ಒಪ್ಪಿಕೊಂಡ ಕಾರಣ ಇರಬೇಕು: ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ, ಡಾಕ್ಟರ್ ಹೇಳಿದ ವಿಶ್ರಾಂತಿ, ರಾತ್ರಿಯಿಡೀ ಪ್ರಯಾಣ. ಅಕ್ಕನಿಗೆ ಮೊದಲ ಸಲ ಒಂದು ರಿಯಾಯಿತಿ ಕೊಟ್ಟೆವು, ಹಳೆಯ 18 ಚೌಕಕ್ಕೆ ಒಟ್ಟಿಗೆ "ರ" ಹಾಕಲು. ಅದಾದ ಮೇಲೆ ಈ ಷರತ್ತು.

ಎರಡನೇ ಪರೀಕ್ಷೆ: ಮರಳಿದಿರಿ, ಎರಡೇ ದಿನಕ್ಕೆ ಮತ್ತೆ ನಿಂತಿತು

ಭಾನುವಾರದ 40 ನಿಮಿಷವೇ ಇದಕ್ಕೆ ಉದಾಹರಣೆ. ಬಿಟ್ಟುಹೋದ ದಿನಗಳನ್ನು ಸಾಲದ ಬಾಕಿಯಂತೆ ಒಂದೇ ದಿನ ತೀರಿಸಲು ಹೋದಾಗ ಹೀಗಾಗುತ್ತದೆ. ಗುರುತು ಸುಲಭ: ಮೊದಲ ದಿನ ಪೂರ್ತಿ ಅಥವಾ ಅದಕ್ಕಿಂತ ಜಾಸ್ತಿ ಮಾಡಿರುತ್ತೀರಿ, ಮಾರನೇ ದಿನ ಮೈಕೈ ನೋವು, ಮೂರನೇ ದಿನ ಮನಸ್ಸೇ ಬರುವುದಿಲ್ಲ. ಓದುವ ಅಭ್ಯಾಸದಲ್ಲೂ ಇದೇ. ಒಂದು ರಾತ್ರಿ ಐವತ್ತು ಪುಟ, ಆಮೇಲೆ ವಾರ ಪೂರ್ತಿ ಪುಸ್ತಕ ಮುಚ್ಚಿದ್ದು ಮುಚ್ಚಿದಂತೆಯೇ.

ರಿಪೇರಿ ಮಾಡುವಾಗ ಒಂದನ್ನು ಹಾಗೇ ಉಳಿಸಬೇಕು, ಇನ್ನೊಂದನ್ನು ಕತ್ತರಿಸಬೇಕು. ಉಳಿಸಬೇಕಾದ್ದು ಹೊತ್ತು, ಜಾಗ ಮತ್ತು ಅದರ ಹಿಂದಿನ ಕೆಲಸ. ಕತ್ತರಿಸಬೇಕಾದ್ದು ಪ್ರಮಾಣ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. "ಬೆಳಗ್ಗೆ ಏಳಲು ಆಗಲ್ಲ, ಸಂಜೆ ಯಾವಾಗಲಾದರೂ 40 ನಿಮಿಷ ನಡೀತೀನಿ" ಅನ್ನುತ್ತಾರೆ. ಸಂಜೆಗೆ ನೆಂಟರು ಬರುತ್ತಾರೆ, ಮಕ್ಕಳ ಹೋಂವರ್ಕ್ ಇರುತ್ತದೆ. ರೂಢಿ ಅಂಟಿಕೊಂಡಿರುವುದು ಬೆಳಗಿನ ಆ ಗಳಿಗೆಗೆ. ಅದನ್ನು ಬಿಟ್ಟರೆ ಹೊಸ ಅಭ್ಯಾಸವನ್ನೇ ಮೊದಲಿನಿಂದ ಕಟ್ಟಿದಂತಾಗುತ್ತದೆ.

ಅಕ್ಕನ ಬೆಳಗ್ಗೆ ಹೀಗಿತ್ತು. ಹಾಲಿನ ಪ್ಯಾಕೆಟ್ ತರುವುದು, ಭಾವನ ಕೈಗೆ ಕೊಡುವುದು, ಬಾಗಿಲ ಪಕ್ಕದ ಶೂ ಹಾಕಿಕೊಳ್ಳುವುದು, ಹೊರಡುವುದು. ಗುರುವಾರದಿಂದ ಇಷ್ಟೂ ಹಾಗೇ ಇತ್ತು. ಆದರೆ ನಡಿಗೆ 10 ನಿಮಿಷ ಮಾತ್ರ, ಬೀದಿ ತುದಿಯವರೆಗೆ ಹೋಗಿ ಬರುವುದು. ಕೆರೆಯವರೆಗೂ ಬೇಡ. "ಇಷ್ಟಕ್ಕೆ ಯಾಕೋ ಶೂ?" ಅಂದಳು. ಶೂ ಹಾಕುವುದೇ ಇಲ್ಲಿ ಮುಖ್ಯ ಅಂತ ಹೇಳಿದೆ. ಕಾಲು ತಾನಾಗೇ ಬಾಗಿಲ ಕಡೆ ತಿರುಗುವುದು ಅದನ್ನು ಕಟ್ಟಿಕೊಂಡಾಗ.

ಮೂರು ದಿನ 10 ನಿಮಿಷ, ಆಮೇಲೆ ಮೂರು ಮೂರು ದಿನಕ್ಕೆ 5 ನಿಮಿಷ ಏರಿಸುವುದು ಅಂತ ಮಾತಾಯಿತು. ಆದರೆ ಏರಿಸುವ ಮೊದಲು ಒಂದು ತಪಾಸಣೆ: ನಿನ್ನೆ ನಡೆದದ್ದಕ್ಕೆ ಇವತ್ತು ಮಧ್ಯಾಹ್ನ ಜಾಸ್ತಿ ಸುಸ್ತಾಯಿತಾ? ಆಗಿದ್ದರೆ ಏರಿಸಬಾರದು, ಅಷ್ಟೇ ನಿಮಿಷದಲ್ಲಿ ಇರಬೇಕು. ಡೆಂಗ್ಯೂ ನಂತರದ ಸುಸ್ತು ಕೆಲವರಿಗೆ ವಾರಗಟ್ಟಲೆ ಉಳಿಯುತ್ತದೆ. ಅಕ್ಕ 20 ನಿಮಿಷಕ್ಕೆ ಬಂದಾಗ ಹಾಗೇ ಆಯಿತು. ಮೂರು ದಿನದ ಬದಲು ಒಂದು ವಾರ 20ರಲ್ಲೇ ನಿಂತಳು. ಕ್ಯಾಲೆಂಡರ್‌ಗೆ ಇದರಿಂದ ಏನೂ ವ್ಯತ್ಯಾಸವಿಲ್ಲ. 10 ನಿಮಿಷಕ್ಕೂ ಟಿಕ್, 40 ನಿಮಿಷಕ್ಕೂ ಅದೇ ಟಿಕ್. ಈ ವಿಷಯದಲ್ಲಿ ನಾನು ಸ್ವಲ್ಪ ಹಟವಾದಿ. ಸಣ್ಣ ದಿನಕ್ಕೆ ಅರ್ಧ ಟಿಕ್ ಅಂತ ಶುರು ಮಾಡಿದರೆ ಮನಸ್ಸು ಅದನ್ನು ತಪ್ಪಿದ ದಿನ ಅಂತಲೇ ಓದುತ್ತದೆ.

ಮಧ್ಯದಲ್ಲಿ ಒಂದು ಬೆಳಗ್ಗೆ ಜೋರು ಮಳೆ. ಹೋಗಲಿಲ್ಲ. ಚೌಕ ಖಾಲಿ ಬಿಟ್ಟಳು, "ರ" ಹಾಕಲಿಲ್ಲ. ಮಾರನೇ ದಿನ ಜಿನುಗು ಮಳೆ ಇತ್ತು, ಕೊಡೆ ಹಿಡಿದು ಬೀದಿ ತುದಿಗೆ ಹೋಗಿ ಬಂದಳು. ನಿಯಮ ಕೆಲಸ ಮಾಡಿದ್ದು ಅವತ್ತು.

ಮೂರನೇ ಪರೀಕ್ಷೆ: ದೇಹ ಚೆನ್ನಾಗಿದೆ, ಆದರೂ ಊರಲ್ಲಿ ಆಗಲಿಲ್ಲ

ಸೆಪ್ಟೆಂಬರಿನಲ್ಲಿ ಗೌರಿ ಗಣೇಶ ಹಬ್ಬಕ್ಕೆ ಅಕ್ಕ ಮುಳಬಾಗಿಲಿನ ತವರಿಗೆ ಹೊರಟಳು. ಇಲ್ಲಿ ದೋಷ ಬೇರೆ ಥರದ್ದು. ಕಾಯಿಲೆಯಲ್ಲಿ ಕೆಲಸವನ್ನು ನೆನಪಿಸುವ ಸೂಚನೆ ಇರುತ್ತದೆ, ಶಕ್ತಿ ಇರುವುದಿಲ್ಲ. ಪ್ರಯಾಣದಲ್ಲಿ ಶಕ್ತಿ ಇರುತ್ತದೆ, ಸೂಚನೆ ಇರುವುದಿಲ್ಲ. ಅಮ್ಮನ ಮನೆಯಲ್ಲಿ ಹಾಲು ಅಕ್ಕ ತರುವುದಿಲ್ಲ. ಬಾಗಿಲ ಪಕ್ಕ ಶೂ ಇಲ್ಲ. ಹಾಲ್‌ನಲ್ಲಿ ಮಕ್ಕಳೆಲ್ಲ ಸಾಲಾಗಿ ಮಲಗಿದ್ದಾರೆ. ಯಾವ ಕಡೆಯಿಂದಲೂ "ಈಗ ಹೊರಡು" ಅನ್ನುವ ಗುರುತು ಬರುವುದಿಲ್ಲ.

ಇದು ಸೋಮಾರಿತನವಲ್ಲ. ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಬಂದ ವಿದ್ಯಾರ್ಥಿಗಳ ವ್ಯಾಯಾಮ, ಪೇಪರ್ ಓದುವುದು, ಟಿವಿ ನೋಡುವುದು ಇವನ್ನು ಗಮನಿಸಿದರು. ಸುತ್ತಲಿನ ಸಂದರ್ಭ ಹಳೆಯದರಂತೆಯೇ ಉಳಿದ ಕಡೆ ರೂಢಿ ಉಳಿಯಿತು. ಸಂದರ್ಭ ಬದಲಾದ ಕಡೆ ರೂಢಿಯ ಹಿಡಿತ ಸಡಿಲಾಯಿತು.

ಹಾಗಾಗಿ ಹೊರಡುವ ಮೊದಲೇ ಒಂದು ತೀರ್ಮಾನ ಬೇಕು: ಈ ಪ್ರಯಾಣದಲ್ಲಿ ಅಭ್ಯಾಸ ನಡೆಸುತ್ತೇವಾ, ನಿಲ್ಲಿಸುತ್ತೇವಾ? ಒಂದೆರಡು ದಿನದ ಮದುವೆಗೆ ನಿಲ್ಲಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಛತ್ರದಲ್ಲಿ ಜಾಗ ಹುಡುಕುತ್ತಾ ಒದ್ದಾಡುವುದರಲ್ಲಿ ಅರ್ಥವಿಲ್ಲ, ಎರಡೂ ದಿನಕ್ಕೆ ಮೊದಲೇ "ರ" ಬರೆದುಬಿಡಿ. ಅದಕ್ಕಿಂತ ಜಾಸ್ತಿ ದಿನವಾದರೆ ಎಲ್ಲ ಮನೆಯಲ್ಲೂ ಸಿಗುವ ಒಂದು ಸೂಚನೆ ಹುಡುಕಿ. ಗಡಿಯಾರದ ಹೊತ್ತು ಬೇಡ, ನೆಂಟರ ಮನೆಯಲ್ಲಿ ಅದು ನಮ್ಮ ಕೈಯಲ್ಲಿರುವುದಿಲ್ಲ. ಹಲ್ಲುಜ್ಜುವುದು, ಕಾಫಿ ಕುಡಿಯುವುದು ಇಂಥದ್ದು ಎಲ್ಲ ಕಡೆ ಇರುತ್ತದೆ.

ಅಕ್ಕ ಹೋದದ್ದು ಐದು ದಿನಕ್ಕೆ. ಬೆಂಗಳೂರಲ್ಲಿ ಬಸ್ ಬದಲಿಸಿ ಹೋಗುವ ದಿನ, ಗಣೇಶ ಕೂರಿಸುವ ದಿನ, ವಾಪಸ್ ಬರುವ ದಿನ, ಈ ಮೂರಕ್ಕೆ ಮುಂಚೆಯೇ "ರ" ಬರೆದಿಟ್ಟಳು. ಉಳಿದ ಎರಡು ದಿನಕ್ಕೆ "ಕಾಫಿ ಲೋಟ ಕೆಳಗಿಟ್ಟ ಮೇಲೆ ತಾರಸಿಯಲ್ಲಿ 10 ನಿಮಿಷ" ಅಂತ ಚೀಟಿ ಬರೆದು, ಶೂ ಒಳಗೆ ಮಡಚಿ ಇಟ್ಟು, ಶೂವನ್ನು ಬ್ಯಾಗಿಗೆ ಹಾಕಿದಳು. ಮೊದಲ ದಿನ ನಡೆಯಿತು. ಇನ್ನೊಂದು ದಿನ ಎಲ್ಲರೂ ಬೆಳಗ್ಗೆಯೇ ಕುರುಡುಮಲೆ ಗಣೇಶನ ದರ್ಶನಕ್ಕೆ ಹೊರಟುಬಿಟ್ಟರು, ತಪ್ಪಿತು. ಖಾಲಿ ಚೌಕ.

ಈಗ ಬರುವುದು ಪ್ರಯಾಣದಲ್ಲಿ ಎಲ್ಲರೂ ಎಡವುವ ಜಾಗ. ವಾಪಸ್ ಬಂದ ಮಾರನೇ ಬೆಳಗ್ಗೆ. ಬ್ಯಾಗ್ ಬಿಚ್ಚಿಲ್ಲ, ಬಟ್ಟೆ ರಾಶಿ ಬಿದ್ದಿದೆ, ಹಾಲು ನಿಲ್ಲಿಸಿ ಹೋಗಿದ್ದರಿಂದ ಹಾಲೂ ಇಲ್ಲ, ನಿದ್ದೆಯೂ ಸಾಲದು. "ಇವತ್ತೊಂದು ದಿನ ಸುಧಾರಿಸಿಕೊಳ್ಳೋಣ" ಅನ್ನಿಸುತ್ತದೆ, ಅಲ್ವಾ? ಆ ದಿನವೇ ಮರಳುವ ದಿನ. ಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದ ಮೊದಲ ಬೆಳಗ್ಗೆ, ಅದನ್ನು ಬದಲಿಸುವಂತಿಲ್ಲ. ಅಕ್ಕನ ಕೇಸಿನಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ಕುರುಡುಮಲೆಯ ದಿನ ತಪ್ಪಿದೆ, ಅದರ ಮುಂದಿನ ದಿನ "ರ". "ರ" ಎಣಿಕೆಗೆ ಬರುವುದಿಲ್ಲ, ಆದರೆ ಹಿಂದಿನ ತಪ್ಪನ್ನು ಅಳಿಸುವುದೂ ಇಲ್ಲ. ಆದ್ದರಿಂದ ತುಮಕೂರಿನ ಮೊದಲ ಬೆಳಗ್ಗೆ ತಪ್ಪಿದ್ದರೆ ಅದು ಎರಡನೇ ಸಲ ಆಗುತ್ತಿತ್ತು. ಹೊರಡುವ ಮೊದಲೇ ಇದನ್ನು ಮಾತಾಡಿಕೊಂಡಿದ್ದೆವು. ಶೂ ಬ್ಯಾಗಿನ ಮೇಲ್ಭಾಗದಲ್ಲೇ ಇತ್ತು. ಭಾವ ಹಿಂದಿನ ಸಂಜೆ ಹಾಲಿಗೆ ಹೇಳಿಟ್ಟಿದ್ದರು. ಹೋಗಿ ಬಂದಳು, 10 ನಿಮಿಷ.

ಫೋನಿನ ಆ್ಯಪ್ ಬಳಸುವವರಿಗೆ

ಆ್ಯಪ್‌ಗೆ ನಿಮ್ಮ ಜ್ವರ ಗೊತ್ತಾಗುವುದಿಲ್ಲ, ಒಂದು ದಿನ ತಪ್ಪಿದರೆ ಸೊನ್ನೆ ತೋರಿಸುತ್ತದೆ. ಕೆಲವದರಲ್ಲಿ ದಾರಿ ಇದೆ. ಭಾಷೆ ಕಲಿಸುವ ಡ್ಯುಯೊಲಿಂಗೊದಲ್ಲಿ ಸ್ಟ್ರೀಕ್ ಫ್ರೀಜ್ ಇದೆ, ಒಂದು ದಿನ ತಪ್ಪಿದರೂ ಅದು ಸ್ಟ್ರೀಕ್ ಉಳಿಸುತ್ತದೆ. ಆ್ಯಪಲ್ ವಾಚಿನಲ್ಲಿ 2024ರ ವಾಚ್‌ಓಎಸ್ 11ರಿಂದ ದಿನದ ಚಟುವಟಿಕೆ ತೋರಿಸುವ ಉಂಗುರಗಳನ್ನು ಕೆಲವು ದಿನ ನಿಲ್ಲಿಸಿಡಬಹುದು, ಸ್ಟ್ರೀಕ್ ಹೋಗುವುದಿಲ್ಲ. ಇಂಥ ಸೌಲಭ್ಯ ಇಲ್ಲದಿದ್ದರೆ ಆ ಅಂಕಿಯನ್ನು ನೋಡುವುದನ್ನೇ ಬಿಡಿ. ಅದರ ಬದಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: "ರ" ಬಿಟ್ಟು ನೋಡಿದರೆ, ಈ ತಿಂಗಳು ಅತಿ ಉದ್ದದ ಖಾಲಿ ಸಾಲು ಎಷ್ಟು? ಒಂದು ಇದ್ದರೆ ಎಲ್ಲ ಸರಿ ಇದೆ. ಅಕ್ಕನಿಗೆ ಮರಳಿದ ಮೊದಲ ವಾರ ಅದು ಆರು ಇತ್ತು. ಹಬ್ಬದ ತಿಂಗಳಲ್ಲಿ ಒಂದು.

ಇಷ್ಟು ಮಾಡಿಯೂ ನಿಲ್ಲುತ್ತಿದ್ದರೆ

ಸಣ್ಣ ರೂಪವೂ ಎರಡೆರಡು ಸಲ ತಪ್ಪುತ್ತಿದ್ದರೆ, ಅದೂ ಒಂದೇ ತಿಂಗಳಲ್ಲಿ ಹಲವು ಬಾರಿ ಆದರೆ, ದೋಷ ಕಾಯಿಲೆಯದೋ ಪ್ರಯಾಣದ್ದೋ ಅಲ್ಲ. ದಿನಚರಿ ಬದಲಾಗಿದೆ ಅಂತ ಅರ್ಥ. ಸ್ಕೂಲಿನ ಹೊತ್ತು ಬದಲಾಗಿರಬಹುದು, ಮಗುವನ್ನು ಬಸ್ಸಿಗೆ ಬಿಡುವ ಕೆಲಸ ಸೇರಿರಬಹುದು. ಆಗ ಹಳೆಯ ಗಳಿಗೆಯನ್ನು ಬಿಟ್ಟು ಹೊಸದನ್ನು ಹುಡುಕಬೇಕು, ಹೊಸ ಅಭ್ಯಾಸದಂತೆಯೇ ವಾರಗಟ್ಟಲೆ ಸಮಯ ಕೊಡಬೇಕು. ಹತ್ತು ನಿಮಿಷ ನಡೆದರೂ ದಿನೇ ದಿನೇ ಸುಸ್ತು ಜಾಸ್ತಿಯಾಗುತ್ತಿದ್ದರೆ ಅದು ಅಭ್ಯಾಸದ ಮಾತಲ್ಲ, ಡಾಕ್ಟರ್ ಹತ್ತಿರ ಹೋಗಿ.

ಮಾತ್ರೆಗಳಿಗೆ ಈ ನಿಯಮವನ್ನು ಹಾಕಲೇಬೇಡಿ. ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್, ಟಿಬಿ ಮಾತ್ರೆಯಲ್ಲಿ "ಒಂದು ಸಲ ತಪ್ಪಿದರೆ ಪರವಾಗಿಲ್ಲ" ಅನ್ನುವುದು ಇಲ್ಲ. ತಪ್ಪಿದಾಗ ಏನು ಮಾಡಬೇಕು ಅನ್ನುವುದು ಒಂದೊಂದು ಔಷಧಿಗೆ ಒಂದೊಂದು ಥರ ಇರುತ್ತದೆ, ಮರುದಿನ ಎರಡು ಒಟ್ಟಿಗೆ ನುಂಗುವುದು ಕೆಲವದರಲ್ಲಿ ಅಪಾಯ. ಅದನ್ನು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಪ್ರಯಾಣಕ್ಕೆ ಹೊರಡುವಾಗ ಶೂಗಿಂತ ಮೊದಲು ಆ ಡಬ್ಬಿ ಬ್ಯಾಗಿಗೆ ಹೋಗಬೇಕು.